ವಾರಾಂತ್ಯದ ಹೆಚ್ಚುವರಿ ಶಿಫ್ಟ್‌ಗೆ ಹೆಸರು ಕೊಡಿ ಅಂತ ಸಿಬ್ಬಂದಿಯನ್ನು ಕೇಳುವುದು ಹೇಗೆ

ಹಲವು ವರ್ಷ ಗೋದಾಮಿನಲ್ಲಿ ಶಿಫ್ಟ್ ರೋಸ್ಟರ್ ಹಾಕುವುದೇ ನನ್ನ ಕೆಲಸವಾಗಿತ್ತು. ಹೊಸದರಲ್ಲಿ ಒಮ್ಮೆ ಶನಿವಾರದ ಸ್ಟಾಕ್ ಎಣಿಕೆಗೆ ಜನ ಬೇಕಾಗಿತ್ತು. ನೋಟಿಸ್ ಬೋರ್ಡಿಗೆ ನಾಲ್ಕು ಸಾಲು ಬರೆದು ಅಂಟಿಸಿದೆ. ಕೊನೆಯ ಸಾಲು ಹೀಗಿತ್ತು: "ಬಂದವರಿಗೆ ಸೂಕ್ತ ಸಂಭಾವನೆ ನೀಡಲಾಗುವುದು." ಜನ ಬಂದರು, ಕೆಲಸವೂ ಮುಗಿಯಿತು. ತಿಂಗಳ ಕೊನೆಗೆ ಒಬ್ಬ ಹುಡುಗ ಪೇ ಸ್ಲಿಪ್ಪನ್ನು ನಾಲ್ಕು ಮಡಿಕೆ ಮಾಡಿಕೊಂಡು ನನ್ನ ಮೇಜಿನ ಹತ್ತಿರ ಬಂದ. ಬಿಡಿಸಿ, ಓಟಿ ಸಾಲಿನ ಮೇಲೆ ಬೆರಳಿಟ್ಟ. ಅಲ್ಲಿ ಸೊನ್ನೆ ಇತ್ತು. ಪಕ್ಕದ ಮೇಜಿನವನಿಗೆ ಅದೇ ಶನಿವಾರಕ್ಕೆ ಒಂದೂವರೆ ಪಟ್ಟು ಬಂದಿತ್ತು. "ಸರ್, ನಾವಿಬ್ಬರೂ ಒಂದೇ ರ‍್ಯಾಕ್ ಎಣಿಸಿದ್ದು" ಅಂದ, ಅಷ್ಟೇ.

ತಪ್ಪು ನನ್ನದೇ. ಆ ವಾರ ಅವನು ಬುಧವಾರ ರಜೆ ಹಾಕಿದ್ದ. ಲೆಕ್ಕದವರ ಸಿಸ್ಟಂ ಓಟಿಯನ್ನು ವಾರದಲ್ಲಿ ನಿಜವಾಗಿ ದುಡಿದ ಗಂಟೆಗಳ ಮೇಲೆ ಎಣಿಸುತ್ತಿತ್ತು. ನಾಲ್ಕು ದಿನದ 32 ಗಂಟೆಗೆ ಶನಿವಾರದ 8 ಸೇರಿದರೆ ಸರಿಯಾಗಿ 40. ಮಿತಿ ದಾಟಲಿಲ್ಲ, ಹಾಗಾಗಿ ಓಟಿಯೂ ಇಲ್ಲ. ನಿಯಮದ ಪ್ರಕಾರ ಅದು ಸರಿ ಇರಬಹುದು. ಆದರೆ ಇದನ್ನು ಅವನಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಮುಂದಿನ ಸಲ ಕರೆದಾಗ ಅವನು ಬರಲಿಲ್ಲ. ಅವನ ಸ್ನೇಹಿತರೂ ಬರಲಿಲ್ಲ.

ಅಂದಿನಿಂದ ಒಂದು ಅಳತೆ ಇಟ್ಟುಕೊಂಡಿದ್ದೇನೆ. ನೋಟಿಸ್ ಓದಿದವರು ಯಾರಿಗೂ ಒಂದು ಪ್ರಶ್ನೆ ಕೂಡ ಕೇಳದೆ "ಬರ್ತೀನಿ" ಅಥವಾ "ಬರಲ್ಲ" ಅಂತ ಮನೆಯಲ್ಲೇ ಕೂತು ತೀರ್ಮಾನ ಮಾಡಲು ಆಗಬೇಕು. ಬರಲ್ಲ ಅಂದವರಿಗೆ ಅದರಿಂದ ಏನೂ ತೊಂದರೆ ಆಗಬಾರದು. ಕೆಳಗೆ ಹೇಳುವುದೆಲ್ಲ ಈ ಎರಡಕ್ಕಾಗಿ. ಉದಾಹರಣೆಗೆ ಅದೇ ಸ್ಟಾಕ್ ಎಣಿಕೆಯ ಶನಿವಾರವನ್ನು ತೆಗೆದುಕೊಳ್ಳೋಣ. ಮಾಮೂಲಿ ಕೆಲಸ ಸೋಮವಾರದಿಂದ ಶುಕ್ರವಾರ, ಶನಿವಾರ ಭಾನುವಾರ ರಜೆ, ಎಣಿಕೆ 14ನೇ ತಾರೀಖಿನ ಶನಿವಾರ ಅಂತ ಇಟ್ಟುಕೊಳ್ಳಿ.

1. ಎಷ್ಟು ಜನ ಬೇಕು ಅಂತ ಮೊದಲು ಲೆಕ್ಕ ಹಾಕಿ

"ಆದಷ್ಟು ಜನ ಬನ್ನಿ" ಅಂತ ಕರೆಯುವುದು ಎರಡು ಕಡೆಯಿಂದಲೂ ಕೆಡುಕು. ಜಾಸ್ತಿ ಜನ ಬಂದರೆ ಅರ್ಧ ಜನ ಸುಮ್ನೆ ನಿಂತಿರುತ್ತಾರೆ, ದುಡ್ಡು ದಂಡ. ಕಡಿಮೆ ಬಂದರೆ ಬಂದವರ ಬೆನ್ನು ಮುರಿಯುತ್ತದೆ. ಅಲ್ಲದೆ, ಸಂಖ್ಯೆ ಹೇಳದ ಕರೆ "ಎಲ್ಲರೂ ಬರಲೇಬೇಕೇನೋ" ಅನ್ನುವ ಭಾವನೆ ಹುಟ್ಟಿಸುತ್ತದೆ.

ನಮ್ಮ ಉದಾಹರಣೆಯಲ್ಲಿ ಎಣಿಸಬೇಕಾದ ಜಾಗಗಳು 600. ಇಬ್ಬರ ಜೋಡಿ, ಒಬ್ಬರು ಎಣಿಸಿ ಇನ್ನೊಬ್ಬರು ಸ್ಕ್ಯಾನರ್‌ಗೆ ಹಾಕುವುದು. ಕಳೆದ ಎಣಿಕೆಯ ದಾಖಲೆ ನೋಡಿದರೆ ಒಂದು ಜೋಡಿ ಗಂಟೆಗೆ 25 ಜಾಗ ಮುಗಿಸಿದೆ. ಅಂದರೆ ಒಂದೇ ಜೋಡಿ ಮಾಡಿದರೆ 24 ಗಂಟೆಯ ಕೆಲಸ.

ಇಲ್ಲೇ ಎಲ್ಲರೂ ಎಡವುವುದು. 8 ಗಂಟೆಯ ಶಿಫ್ಟ್ ಅಂದ ಕೂಡಲೇ 24ನ್ನು 8ರಿಂದ ಭಾಗಿಸಿ ಮೂರು ಜೋಡಿ ಸಾಕು ಅಂದುಬಿಡುತ್ತಾರೆ. ಆದರೆ ಶುರುವಿನಲ್ಲಿ ವಿವರಿಸಿ ಜೋಡಿ ಮಾಡುವುದಕ್ಕೆ ಅರ್ಧ ಗಂಟೆ ಹೋಗುತ್ತದೆ. ಎರಡು ಸಣ್ಣ ವಿರಾಮಕ್ಕೆ ಇನ್ನೊಂದು ಅರ್ಧ ಗಂಟೆ. ಲೆಕ್ಕ ತಾಳೆಯಾಗದ ಜಾಗಗಳನ್ನು ಬೇರೆ ಜೋಡಿ ಮತ್ತೆ ಎಣಿಸಬೇಕು, ಅದಕ್ಕೆ ಒಂದೂವರೆ ಗಂಟೆ. ಕೊನೆಗೆ ಸ್ಕ್ಯಾನರ್ ಒಪ್ಪಿಸಿ ಪಟ್ಟಿ ಮುಚ್ಚುವುದಕ್ಕೆ ಅರ್ಧ ಗಂಟೆ. ಎಣಿಕೆಗೇ ಅಂತ ಉಳಿಯುವುದು ಐದು ಗಂಟೆ ಮಾತ್ರ. 24ನ್ನು 5ರಿಂದ ಭಾಗಿಸಿದರೆ 4.8. ಹಾಗಾಗಿ ಐದು ಜೋಡಿ, ಹತ್ತು ಜನ. ಮೇಲಿನ ಪ್ಯಾಲೆಟ್ ಇಳಿಸಲು ಲೈಸೆನ್ಸ್ ಇರುವ ಒಬ್ಬರು ಫೋರ್ಕ್‌ಲಿಫ್ಟ್ ಚಾಲಕರು. ಒಟ್ಟು 11. ಯಾರಾದರೂ ಬೆಳಿಗ್ಗೆ ಜ್ವರ ಅಂತ ಫೋನ್ ಮಾಡಿದರೆ ಇರಲಿ ಅಂತ ಇಬ್ಬರು ರಿಸರ್ವ್.

2. ದಿನ ಮತ್ತು ಹೊತ್ತನ್ನು ಅವರ ನಿದ್ದೆಯಿಂದ ಲೆಕ್ಕ ಹಾಕಿ

ನಿಮಗೆ ಅನುಕೂಲವಾದ ಹೊತ್ತು ಬರೆಯುವ ಮೊದಲು ಶುಕ್ರವಾರದ ರೋಸ್ಟರ್ ತೆಗೆದು ನೋಡಿ. ಶುಕ್ರವಾರ ಸಂಜೆ ಶಿಫ್ಟ್ ರಾತ್ರಿ 10ಕ್ಕೆ ಬಿಡುತ್ತದೆ. ಶನಿವಾರ ಬೆಳಿಗ್ಗೆ 8ಕ್ಕೆ ಶುರು ಮಾಡಿದರೆ ಅವರಿಗೆ ಸಿಗುವುದು ಹತ್ತೇ ಗಂಟೆ. ಮನೆಗೆ ಹೋಗಿ ಬರುವ ದಾರಿ, ಊಟ, ಸ್ನಾನ ಎಲ್ಲ ಅದರೊಳಗೇ ಆಗಬೇಕು. ಯುರೋಪಿಯನ್ ಒಕ್ಕೂಟದ ದುಡಿಮೆ ಸಮಯದ ನಿಯಮ ಪ್ರತಿ 24 ಗಂಟೆಯಲ್ಲಿ ಸತತ 11 ಗಂಟೆ ಬಿಡುವು ಇರಬೇಕು ಅನ್ನುತ್ತದೆ. ಆ ನಿಯಮ ನಿಮಗೆ ಅನ್ವಯ ಆಗದಿದ್ದರೂ ಅಳತೆಗೋಲಾಗಿ ಚೆನ್ನಾಗಿದೆ. ಆದ್ದರಿಂದ ನಾವು ಶುರುವನ್ನು 9ಕ್ಕೆ ತಳ್ಳುತ್ತೇವೆ. ಒಂದೇ ಗಂಟೆಯ ಬದಲಾವಣೆ, ಆದರೆ ಸಂಜೆ ಶಿಫ್ಟಿನವರೂ ಹೆಸರು ಕೊಡಬಹುದು. ಶುಕ್ರವಾರ ರಾತ್ರಿಪಾಳಿ ಮಾಡಿದವರು ಮಾತ್ರ ಸೇರುವ ಹಾಗಿಲ್ಲ. ಅದನ್ನು ನೋಟಿಸಿನಲ್ಲೇ ಬರೆಯಬೇಕು. ಇಲ್ಲದಿದ್ದರೆ ಹೆಸರು ಕೊಟ್ಟ ಮೇಲೆ ಬೇಡ ಅನ್ನಬೇಕಾಗುತ್ತದೆ.

ವಾರದಲ್ಲಿ ಒಂದು ದಿನವಾದರೂ ಪೂರ್ತಿ ಬಿಡುವು ಉಳಿಯಬೇಕು. ಕೈಗಾರಿಕೆಗಳಲ್ಲಿ ಏಳು ದಿನಕ್ಕೆ ಕನಿಷ್ಠ ಸತತ 24 ಗಂಟೆ ವಿಶ್ರಾಂತಿ ಅನ್ನುವ ಮಾತನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1921ರಲ್ಲೇ ಒಪ್ಪಂದವಾಗಿ ಬರೆದಿದೆ. ಶನಿವಾರ ಕೆಲಸ ಇಟ್ಟರೆ ಭಾನುವಾರ ಉಳಿಯುತ್ತದೆ, ಸರಿ. ಎರಡೂ ದಿನಕ್ಕೆ ಜನ ಬೇಕಾದರೆ ಎರಡು ಬೇರೆ ಪಟ್ಟಿ ಮಾಡಿ. ಒಬ್ಬರೇ ಎರಡೂ ದಿನಕ್ಕೆ ಹೆಸರು ಕೊಟ್ಟರೆ, ಅವರು ಎಷ್ಟೇ ಉತ್ಸಾಹದಿಂದ ಕೇಳಿದರೂ, ಒಂದೇ ದಿನ ಕೊಡಿ.

3. ದುಡ್ಡಿನ ಮಾತು ಬರವಣಿಗೆಯಲ್ಲಿ ಸಿಗುವ ತನಕ ನೋಟಿಸ್ ಹಾಕಬೇಡಿ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದ ಹೆಜ್ಜೆ ಇದು. ಮ್ಯಾನೇಜರ್ "ಆಯ್ತು, ಒಂದೂವರೆ ಕೊಡೋಣ" ಅಂದರೆ ಸಾಲದು. ಸಂಬಳ ಲೆಕ್ಕ ಮಾಡುವವರ ಹತ್ತಿರ ಹೋಗಿ ಕೂತು, ಒಬ್ಬ ನೌಕರನ ಉದಾಹರಣೆ ಇಟ್ಟು, ಪೇ ಸ್ಲಿಪ್ಪಿನಲ್ಲಿ ಯಾವ ಸಾಲಿನಲ್ಲಿ ಎಷ್ಟು ಬರುತ್ತದೆ ಅಂತ ಕೇಳಬೇಕು.

ಮೊದಲ ಪ್ರಶ್ನೆ: ಒಂದೂವರೆ ಪಟ್ಟು ಅಂದರೆ ಯಾವುದರ ಒಂದೂವರೆ? ಬೇಸಿಕ್‌ನದೋ, ಭತ್ಯೆ ಎಲ್ಲ ಸೇರಿದ ಒಟ್ಟು ಸಂಬಳದ್ದೋ? ಎರಡರ ನಡುವೆ ವ್ಯತ್ಯಾಸ ದೊಡ್ಡದಿರುತ್ತದೆ. ನೌಕರರು ಸಾಮಾನ್ಯವಾಗಿ ಕೈಗೆ ಬರುವ ಸಂಬಳದ ಲೆಕ್ಕದಲ್ಲಿ ಯೋಚಿಸುತ್ತಾರೆ, ಸಿಸ್ಟಂ ಬೇಸಿಕ್ ಮೇಲೆ ಲೆಕ್ಕ ಹಾಕುತ್ತದೆ. ಜಗಳ ಹುಟ್ಟುವುದು ಇಲ್ಲಿ. ನಿಮ್ಮ ದೇಶದ ಕಾನೂನು ಓಟಿಗೆ ಕನಿಷ್ಠ ದರ ಹೇಳಿದ್ದರೆ, ಅದು ಯಾವುದರ ಮೇಲೆ ಅನ್ನುವುದನ್ನೂ ಹೇಳಿರುತ್ತದೆ. ಅದಕ್ಕಿಂತ ಕೆಳಗೆ ಇಳಿಯುವ ಮಾತೇ ಇಲ್ಲ, ನೌಕರ ಒಪ್ಪಿದರೂ ಇಲ್ಲ.

ಎರಡನೇ ಪ್ರಶ್ನೆ ನಾನು ಶುರುವಿನಲ್ಲಿ ಹೇಳಿದ ಹುಡುಗನದು. ಆ ವಾರ ರಜೆ ಹಾಕಿದವರಿಗೂ, ಅರ್ಧ ದಿನ ಹೋದವರಿಗೂ, ವಾರಕ್ಕೆ ಕಡಿಮೆ ಗಂಟೆ ದುಡಿಯುವ ಪಾರ್ಟ್‌ಟೈಮ್ ಸಿಬ್ಬಂದಿಗೂ ಇದೇ ದರ ಸಿಗುತ್ತದೆಯೇ? ಸಿಸ್ಟಂ ವಾರದ ಮಿತಿ ದಾಟಿದ ಗಂಟೆಗೆ ಮಾತ್ರ ಓಟಿ ಕೊಡುವುದಾದರೆ ಇವರಿಗೆ ಸಿಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಒಂದೇ ಮದ್ದು. ವಾರಾಂತ್ಯದ ಶಿಫ್ಟ್‌ಗೆ ಬೇರೆಯೇ ಒಂದು ಪಾವತಿ ಕೋಡ್ ಮಾಡಿಸಿ. ಆ ದಿನ ದುಡಿದ ಪ್ರತಿ ಗಂಟೆಗೂ, ವಾರದ ಉಳಿದ ದಿನ ಏನೇ ಆಗಿರಲಿ, ಒಂದೇ ದರ. ಎಲ್ಲರಿಗೂ ಒಂದು ವಾಕ್ಯದಲ್ಲಿ ಹೇಳಬಹುದಾದ ನಿಯಮ ಇದೊಂದೇ.

ಮೂರನೆಯದು ಕಾಂಪ್ ಆಫ್. ಕೆಲವರಿಗೆ ದುಡ್ಡಿಗಿಂತ ರಜೆ ಬೇಕಿರುತ್ತದೆ. ಕೊಡಬಹುದು, ಆದರೆ ಮೊದಲು ಎಚ್‌ಆರ್ ಹತ್ತಿರ ಕೇಳಿ. ಓಟಿ ಹಣದ ಬದಲು ರಜೆ ಕೊಡುವುದನ್ನು ಕೆಲವು ಕಡೆ ಕಾನೂನೇ ತಡೆಯುತ್ತದೆ. ಅಮೆರಿಕದಲ್ಲಿ ಖಾಸಗಿ ಕಂಪನಿಗಳು ಗಂಟೆ ಲೆಕ್ಕದ ಓಟಿಗೆ ಅರ್ಹರಾದ ನೌಕರರಿಗೆ ಹಾಗೆ ಮಾಡುವಂತಿಲ್ಲ. ಕೊಡಬಹುದಾದ ಕಡೆ ಬೆಲೆ ಸಮ ಇರಲಿ. ದುಡ್ಡು ಒಂದೂವರೆ ಪಟ್ಟಾದರೆ ರಜೆಯೂ ಒಂದೂವರೆ ದಿನ. ಒಂದು ದಿನದ ದುಡಿಮೆಗೆ ಒಂದೇ ದಿನ ರಜೆ ಕೊಟ್ಟರೆ, ರಜೆ ಆರಿಸಿಕೊಂಡವರು ಅರ್ಧ ದಿನ ಕಳೆದುಕೊಂಡ ಹಾಗೆ. ಆ ರಜೆಯನ್ನು ಎಷ್ಟು ದಿನದೊಳಗೆ ತೆಗೆದುಕೊಳ್ಳಬೇಕು, ಕೇಳಿದಾಗ ಸಿಗದಿದ್ದರೆ ಏನು ಅನ್ನುವುದೂ ತೀರ್ಮಾನ ಆಗಿರಲಿ. ನಾವು 60 ದಿನ ಇಟ್ಟಿದ್ದೇವೆ, ಅಷ್ಟರೊಳಗೆ ಆಗದಿದ್ದರೆ ದುಡ್ಡು.

ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಕೆಲಸ ಬೇಗ ಮುಗಿದರೆ? ಚುರುಕಾಗಿ ದುಡಿದು ಆರು ಗಂಟೆಯಲ್ಲಿ ಮುಗಿಸಿದವರಿಗೆ ಆರು ಗಂಟೆಯ ದುಡ್ಡು ಮಾತ್ರ ಕೊಟ್ಟರೆ, ಚುರುಕಾಗಿ ದುಡಿದಿದ್ದಕ್ಕೆ ದಂಡ ಹಾಕಿದ ಹಾಗಾಯಿತು, ಅಲ್ವಾ? ಅವರು ಒಂದು ಶನಿವಾರವನ್ನೇ ನಿಮಗೆ ಬಿಟ್ಟುಕೊಟ್ಟಿದ್ದಾರೆ. ಪೂರ್ತಿ 8 ಗಂಟೆಯ ದುಡ್ಡು ಖಾತರಿ ಅಂತ ಬರೆಯಿರಿ.

ಈಗ ನಮ್ಮ ಲೆಕ್ಕ. ಸುಲಭವಾಗಲಿ ಅಂತ ಎಲ್ಲರ ಮಾಮೂಲಿ ದರ ಗಂಟೆಗೆ 100 ಅಂದುಕೊಳ್ಳೋಣ. ಒಂದೂವರೆ ಪಟ್ಟು ಅಂದರೆ 150, 8 ಗಂಟೆಗೆ 1,200. 11 ಜನಕ್ಕೆ 13,200. ಕರೆಯದಿದ್ದರೂ ಬೆಳಿಗ್ಗೆ ಫೋನ್ ಹಿಡಿದು ಕಾದಿದ್ದಕ್ಕೆ ಇಬ್ಬರು ರಿಸರ್ವ್‌ಗೆ ತಲಾ ಎರಡು ಗಂಟೆಯ ದುಡ್ಡು, ಒಟ್ಟು 600. ಎಲ್ಲ ಸೇರಿ 13,800. ರಿಸರ್ವ್ ಒಳಗೆ ಬಂದರೆ ಬಾರದವರ ದುಡ್ಡು ಅವರಿಗೆ ಹೋಗುತ್ತದೆ, ಹಾಗಾಗಿ ಮೊತ್ತ ಇದಕ್ಕಿಂತ ಮೇಲೆ ಹೋಗುವುದಿಲ್ಲ. ಈ ಮೊತ್ತಕ್ಕೆ ಮಂಜೂರಾತಿ ಮೇಲ್ ಕೈಗೆ ಬಂದ ಮೇಲೆ ಮುಂದಿನ ಹೆಜ್ಜೆ.

4. ಹೆಸರು ಎಲ್ಲಿ ಕೊಡಬೇಕು ಅನ್ನುವುದನ್ನು ಸಿದ್ಧ ಮಾಡಿ

ವಾಟ್ಸಾಪ್ ಗುಂಪಿನಲ್ಲಿ ಕೇಳುವುದು ಸುಲಭ ಅನ್ನಿಸುತ್ತದೆ. ಆದರೆ ಅಲ್ಲಿ ಏನಾಗುತ್ತದೆ ನೋಡಿ. ಮೊದಲ ಐದು ನಿಮಿಷದಲ್ಲಿ ನಾಲ್ಕು ಜನ "ನಾನು ರೆಡಿ ಸರ್" ಅನ್ನುತ್ತಾರೆ. ಉಳಿದವರ ಮೌನ ಎಲ್ಲರಿಗೂ ಕಾಣುತ್ತದೆ. ಮನೆಯಲ್ಲಿ ಹುಷಾರಿಲ್ಲದ ತಾಯಿ ಇರುವವರು "ಕ್ಷಮಿಸಿ ಸರ್, ಅಮ್ಮನಿಗೆ..." ಅಂತ ನಲವತ್ತು ಜನರ ಮುಂದೆ ಕಾರಣ ಹೇಳಬೇಕಾಗುತ್ತದೆ. ಯಾರೋ ಹೆಬ್ಬೆರಳಿನ ಗುರುತು ಹಾಕುತ್ತಾರೆ. ಅದು ಬರ್ತೀನಿ ಅಂತಲೋ ಓದಿದೆ ಅಂತಲೋ ಗೊತ್ತಾಗುವುದಿಲ್ಲ. ನೋಟಿಸ್ ಬೋರ್ಡಿನಲ್ಲಿ ಹೆಸರು ಬರೆಯುವ ಹಾಳೆ ತೂಗುಹಾಕಿದರೂ ಇದೇ ಕತೆ. ಜೊತೆಗೆ ತಮಾಷೆಗೆ ಇನ್ನೊಬ್ಬರ ಹೆಸರು ಬರೆಯುವವರೂ ಇರುತ್ತಾರೆ.

ಗುಂಪಿನಲ್ಲಿ ನೋಟಿಸ್ ಹಾಕಿ, ಉತ್ತರ ಮಾತ್ರ ಬೇರೆ ಕಡೆ ಪಡೆಯಿರಿ. ಒಂದು ಆನ್‌ಲೈನ್ ಫಾರ್ಮ್ ಸಾಕು. ಫೋನ್ ಬಳಸದವರಿಗೆ, ಕೆಲಸದ ಹೊತ್ತಿನಲ್ಲಿ ಫೋನ್ ಲಾಕರಿನಲ್ಲಿ ಇಡುವವರಿಗೆ, ರೋಸ್ಟರ್ ಮೇಜಿನಲ್ಲಿ ಒಂದು ಚೀಟಿ ಡಬ್ಬಿ. ಫಾರ್ಮಿನಲ್ಲಿ ಕೇಳಬೇಕಾದ್ದು ಇಷ್ಟೇ: ಹೆಸರು, ನೌಕರ ಸಂಖ್ಯೆ, ಈಗಿನ ಶಿಫ್ಟ್, ಮೊದಲು ಎಣಿಕೆ ಮಾಡಿದ್ದೀರಾ, ಫೋರ್ಕ್‌ಲಿಫ್ಟ್ ಲೈಸೆನ್ಸ್ ಇದೆಯಾ, ದುಡ್ಡು ಬೇಕಾ ರಜೆ ಬೇಕಾ, ಪಟ್ಟಿ ತುಂಬಿದರೆ ರಿಸರ್ವ್ ಆಗುತ್ತೀರಾ.

"ಇಲ್ಲ, ಬರುವುದಿಲ್ಲ" ಅನ್ನುವ ಆಯ್ಕೆಯನ್ನು ಫಾರ್ಮಿನಲ್ಲಿ ಇಡಲೇಬೇಡಿ. ಅದನ್ನು ಇಟ್ಟ ಕೂಡಲೇ ಬಾರದವರ ಪಟ್ಟಿಯೊಂದು ತಯಾರಾಗುತ್ತದೆ. ಅಂಥ ಪಟ್ಟಿ ಇದ್ದರೆ ಯಾರಾದರೂ ಒಂದು ದಿನ ಅದನ್ನು ತೆಗೆದು ನೋಡುತ್ತಾರೆ. ಬರುವವರು ತುಂಬಲಿ, ಉಳಿದವರು ಏನೂ ಮಾಡಬೇಕಾಗಿಲ್ಲ. ಫಾರ್ಮ್ ನೋಡುವವರು ರೋಸ್ಟರ್ ಹಾಕುವವರು ಮಾತ್ರ ಆಗಿರಲಿ. ನೇರ ಸೂಪರ್‌ವೈಸರ್‌ಗೆ ಕೊನೆಗೆ ಆಯ್ಕೆಯಾದವರ ಪಟ್ಟಿ ಸಿಕ್ಕರೆ ಸಾಕು.

ಜಾಸ್ತಿ ಹೆಸರು ಬಂದರೆ ಯಾರನ್ನು ತೆಗೆದುಕೊಳ್ಳುವುದು ಅಂತ ಮೊದಲೇ ನಿರ್ಧರಿಸಿ, ನೋಟಿಸಿನಲ್ಲಿ ಬರೆಯಿರಿ. "ಮೊದಲು ಬಂದವರಿಗೆ ಆದ್ಯತೆ" ಅನ್ನುವುದು ನ್ಯಾಯ ಅನ್ನಿಸಿದರೂ ನ್ಯಾಯ ಅಲ್ಲ. ಬೆಳಿಗ್ಗೆ 10ಕ್ಕೆ ನೋಟಿಸ್ ಹಾಕಿದರೆ ರಾತ್ರಿಪಾಳಿಯವರು ಮಲಗಿರುತ್ತಾರೆ. ಎದ್ದು ನೋಡುವಷ್ಟರಲ್ಲಿ ಪಟ್ಟಿ ತುಂಬಿರುತ್ತದೆ. ಕೊನೆಯ ದಿನದ ತನಕ ಬಂದ ಎಲ್ಲ ಹೆಸರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ. ಕಳೆದ ಮೂರು ತಿಂಗಳಲ್ಲಿ ಹೆಚ್ಚುವರಿ ಶಿಫ್ಟ್ ಕಡಿಮೆ ಸಿಕ್ಕವರು ಮೊದಲು. ಸಮ ಬಂದರೆ ಚೀಟಿ ಎತ್ತಿ.

5. ನೋಟಿಸ್ ಬರೆಯಿರಿ

ಮೊದಲು ಪದಗಳ ಬಗ್ಗೆ ಒಂದು ಮಾತು. "ಸ್ವಯಂಸೇವಕರು ಬೇಕಾಗಿದ್ದಾರೆ" ಅಂತ ಬರೆಯಬೇಡಿ. ನಮ್ಮ ಕಿವಿಗೆ ಸ್ವಯಂಸೇವೆ ಅಂದರೆ ಬಿಟ್ಟಿ ಸೇವೆ. ಜಾತ್ರೆಯಲ್ಲಿ, ಶಿಬಿರದಲ್ಲಿ ಎದೆಗೆ ಬ್ಯಾಡ್ಜ್ ಹಾಕಿಕೊಂಡು ಮಾಡುವುದು. ಕೆಳಗೆ ದುಡ್ಡಿನ ಮಾತು ಬರೆದಿದ್ದರೂ ತಲೆಬರಹ ಓದಿದವರು ಅಲ್ಲಿಗೇ ನಿಲ್ಲಿಸುತ್ತಾರೆ. "ಇಷ್ಟ ಇರುವವರು ಹೆಸರು ಕೊಡಿ" ಸಾಕು. ಹಾಗೆಯೇ "ಎಲ್ಲರ ಸಹಕಾರ ನಿರೀಕ್ಷಿಸಲಾಗಿದೆ", "ದಯವಿಟ್ಟು ಸಹಕರಿಸಿ" ಅನ್ನುವುದು ಮರ್ಯಾದೆಯ ಮಾತಿನಂತೆ ಕಂಡರೂ ಓದುವವರಿಗೆ ಅಪ್ಪಣೆಯಾಗಿ ಕೇಳುತ್ತದೆ. ಸಹಕರಿಸದಿದ್ದರೆ ಏನಾಗುತ್ತೋ ಅನ್ನುವ ಹೆದರಿಕೆ ಅದರ ಹಿಂದೆಯೇ ಬರುತ್ತದೆ.

ನೋಟಿಸ್ ಹಾಕುವ ದಿನವೂ ಮುಖ್ಯ. ನಾವು ಹಿಂದಿನ ವಾರದ ಗುರುವಾರ, ಅಂದರೆ 5ನೇ ತಾರೀಖು ಹಾಕುತ್ತೇವೆ. ನಡುವೆ ಒಂದು ಶನಿವಾರ ಭಾನುವಾರ ಸಿಗುತ್ತದೆ. ಮನೆಯವರ ಜೊತೆ ಮಾತಾಡಿ, ಮಕ್ಕಳನ್ನು ಯಾರು ನೋಡಿಕೊಳ್ಳುವುದು ಅಂತ ತೀರ್ಮಾನಿಸಿ, ಸೋಮವಾರ ಹೆಸರು ಕೊಡಬಹುದು. ನೋಟಿಸ್ ಹೀಗಿದೆ:

> 14, ಶನಿವಾರ: ಸ್ಟಾಕ್ ಎಣಿಕೆಗೆ 11 ಜನ ಬೇಕು. ಒಂದೂವರೆ ಪಟ್ಟು ವೇತನ. ಬರುವುದು ನಿಮ್ಮ ಇಷ್ಟ.
>
> ಎಲ್ಲರಿಗೂ ನಮಸ್ಕಾರ.
>
> ತಿಂಗಳ ಮಧ್ಯದ ಸ್ಟಾಕ್ ಎಣಿಕೆಯನ್ನು ಕೆಲಸದ ದಿನ ಮಾಡಿದರೆ ಲೋಡಿಂಗ್ ನಿಲ್ಲಿಸಬೇಕಾಗುತ್ತದೆ. ಅದಕ್ಕೆ ಶನಿವಾರ ಇಟ್ಟುಕೊಂಡಿದ್ದೇವೆ.
>
> ಹೊತ್ತು: ಬೆಳಿಗ್ಗೆ 9ರಿಂದ ಸಂಜೆ 5.30. ಅರ್ಧ ಗಂಟೆ ಊಟದ ಬಿಡುವು ಲೆಕ್ಕಕ್ಕಿಲ್ಲ. ಸಣ್ಣ ವಿರಾಮ ಎರಡು, ಅವು ವೇತನದೊಳಗೇ. ವೇತನದ ಗಂಟೆ 8.
>
> ಬೇಕಾದವರು: ಎಣಿಕೆಗೆ 10 ಜನ, ಲೈಸೆನ್ಸ್ ಇರುವ ಫೋರ್ಕ್‌ಲಿಫ್ಟ್ ಚಾಲಕರು ಒಬ್ಬರು, ರಿಸರ್ವ್ ಇಬ್ಬರು. ಮೊದಲು ಎಣಿಕೆ ಮಾಡದವರೂ ಹೆಸರು ಕೊಡಬಹುದು, ಅನುಭವ ಇರುವವರ ಜೋಡಿ ಹಾಕುತ್ತೇವೆ. 13ರ ರಾತ್ರಿಪಾಳಿಯಲ್ಲಿ ಇರುವವರು ಈ ಸಲ ಬೇಡ, ಮಧ್ಯೆ ನಿದ್ದೆಗೆ ಸಮಯ ಸಿಗುವುದಿಲ್ಲ.
>
> ವೇತನ: ನಿಮ್ಮ ಒಟ್ಟು ಸಂಬಳದ ಗಂಟೆ ದರದ ಒಂದೂವರೆ ಪಟ್ಟು, 8 ಗಂಟೆಗೂ. ಆ ವಾರ ನೀವು ರಜೆ ಹಾಕಿದ್ದರೂ, ಪಾರ್ಟ್‌ಟೈಮ್ ಆಗಿದ್ದರೂ ಇದೇ ದರ. ಉದಾಹರಣೆಗೆ ಗಂಟೆಗೆ 100 ಪಡೆಯುವವರಿಗೆ ಆ ದಿನ 1,200. ತೆರಿಗೆ ಮತ್ತಿತರ ಕಡಿತ ಎಂದಿನಂತೆ. ಎಣಿಕೆ ಬೇಗ ಮುಗಿದರೂ 8 ಗಂಟೆಯ ವೇತನ ಖಾತರಿ. ಹಣ ಇದೇ ತಿಂಗಳ ಸಂಬಳದಲ್ಲಿ, ಪೇ ಸ್ಲಿಪ್ಪಿನಲ್ಲಿ "ವಾರಾಂತ್ಯ ಶಿಫ್ಟ್" ಅನ್ನುವ ಸಾಲಿನಲ್ಲಿ ಬರುತ್ತದೆ. ಹಣದ ಬದಲು ಒಂದೂವರೆ ದಿನ ಕಾಂಪ್ ಆಫ್ ಬೇಕಾದವರು ಫಾರ್ಮಿನಲ್ಲಿ ಗುರುತು ಹಾಕಿ. 60 ದಿನದೊಳಗೆ ತೆಗೆದುಕೊಳ್ಳಬೇಕು, ಆಗದಿದ್ದರೆ ಹಣ ಕೊಡುತ್ತೇವೆ. ರಿಸರ್ವ್ ಇದ್ದು ಕರೆ ಬಾರದವರಿಗೆ 2 ಗಂಟೆಯ ವೇತನ, ಇದೇ ದರದಲ್ಲಿ.
>
> ಹೆಸರು ಕೊಡುವುದು: ಕೆಳಗಿನ ಫಾರ್ಮ್ ತುಂಬಿ, ಅಥವಾ ರೋಸ್ಟರ್ ಮೇಜಿನ ಡಬ್ಬಿಗೆ ಚೀಟಿ ಹಾಕಿ. ಕೊನೆಯ ಹೊತ್ತು 9, ಸೋಮವಾರ ಸಂಜೆ 6. ಗುಂಪಿನಲ್ಲಿ ಉತ್ತರ ಬೇಡ. ಜಾಸ್ತಿ ಹೆಸರು ಬಂದರೆ, ಕಳೆದ ಮೂರು ತಿಂಗಳಲ್ಲಿ ಹೆಚ್ಚುವರಿ ಶಿಫ್ಟ್ ಕಡಿಮೆ ಮಾಡಿದವರಿಗೆ ಮೊದಲು. ಸಮ ಬಂದರೆ ಚೀಟಿ ಎತ್ತುತ್ತೇವೆ. 10, ಮಂಗಳವಾರ ಮಧ್ಯಾಹ್ನದೊಳಗೆ ಹೆಸರು ಕೊಟ್ಟ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ತಿಳಿಸುತ್ತೇವೆ. ಆ ಸಂದೇಶ ಬರುವ ತನಕ ಶಿಫ್ಟ್ ಖಚಿತ ಅಲ್ಲ.
>
> ಮನಸ್ಸು ಬದಲಾದರೆ: 12, ಗುರುವಾರ ಸಂಜೆ 6ರೊಳಗೆ ರೋಸ್ಟರ್ ಮೇಜಿಗೆ ಒಂದು ಮಾತು ಹೇಳಿ, ಕಾರಣ ಬೇಕಿಲ್ಲ. ಆಮೇಲೂ ತುರ್ತು ಬಂದರೆ ಫೋನ್ ಮಾಡಿ. ನಾವೇ ಶಿಫ್ಟ್ ರದ್ದು ಮಾಡುವುದಾದರೂ ಅಷ್ಟರೊಳಗೆ ತಿಳಿಸುತ್ತೇವೆ. ತಡವಾಗಿ ರದ್ದು ಮಾಡಿದರೆ 4 ಗಂಟೆಯ ವೇತನ ಕೊಡುತ್ತೇವೆ.
>
> ಬರಲು ಆಗದವರು ಏನೂ ಮಾಡಬೇಕಾಗಿಲ್ಲ. ಯಾರು ಹೆಸರು ಕೊಡಲಿಲ್ಲ ಅನ್ನುವ ಲೆಕ್ಕ ಇಡುವುದಿಲ್ಲ. ಮುಂದಿನ ರೋಸ್ಟರ್, ರಜೆ, ಬಡ್ತಿ ಯಾವುದಕ್ಕೂ ಇದು ಸೇರುವುದಿಲ್ಲ.

ತಡವಾದ ರದ್ದತಿಗೆ 4 ಗಂಟೆಯ ದುಡ್ಡು ಅಂತ ಬರೆದಿದ್ದೇನೆ. ಇದಕ್ಕೂ ಮಂಜೂರಾತಿ ಬೇಕು. ಆದರೆ ಶಿಫ್ಟ್ ನಡೆಯದಿದ್ದಾಗ ಮಾತ್ರ ಈ ಖರ್ಚು ಬರುತ್ತದೆ. ಹಾಗಾಗಿ 13,800ರೊಳಗೇ ಆಗುತ್ತದೆ.

ನೋಟಿಸ್ ಹಾಕುವ ಮೊದಲು ಅದನ್ನು ಬೇರೆ ವಿಭಾಗದ ಒಬ್ಬರ ಕೈಗೆ ಕೊಟ್ಟು ಓದಿಸಿ. "ಏನಾದರೂ ಕೇಳಬೇಕು ಅನ್ನಿಸಿತಾ?" ಅಂತ ಕೇಳಿ. ಅವರು ಒಂದು ಪ್ರಶ್ನೆ ಕೇಳಿದರೂ ಅದರ ಉತ್ತರ ನೋಟಿಸಿಗೆ ಸೇರಬೇಕು. ನನಗೆ ಹೀಗೆ ಓದಿಕೊಟ್ಟವರು ಒಮ್ಮೆ ಕೇಳಿದ್ದರು: "ಶನಿವಾರ ಕಂಪನಿ ಬಸ್ ಇರುತ್ತಾ?" ಇರಲಿಲ್ಲ. ಅದು ನಮಗೆ ಹೊಳೆದೇ ಇರಲಿಲ್ಲ. ನಿಮ್ಮಲ್ಲಿ ಬಸ್, ಕ್ಯಾಂಟೀನ್, ಮಕ್ಕಳ ಕೋಣೆ ವಾರಾಂತ್ಯದಲ್ಲಿ ಮುಚ್ಚಿರುವುದಾದರೆ ಅದನ್ನೂ ಬರೆಯಿರಿ. ಸಾಧ್ಯವಾದರೆ ಪ್ರಯಾಣದ ಖರ್ಚು ಸೇರಿಸಿ.

6. ಹಾಕಿದ ಮೇಲೆ ಕಾಯಿರಿ

ಸೋಮವಾರದ ತನಕ ನೆನಪಿಸುವ ಸಂದೇಶ ಒಂದೇ ಒಂದು, ಅದೂ ಸೋಮವಾರ ಬೆಳಿಗ್ಗೆ, ಎಲ್ಲರಿಗೂ. ಮಧ್ಯೆ ಯಾರ ಮೇಜಿನ ಹತ್ತಿರವೂ ಹೋಗಿ "ನೀನು ಬರ್ತೀಯಲ್ವಾ?" ಅನ್ನಬೇಡಿ. ರೋಸ್ಟರ್ ಹಾಕುವವರು, ರಜೆಗೆ ಸಹಿ ಮಾಡುವವರು ಎದುರು ನಿಂತು ಕೇಳಿದರೆ "ಇಲ್ಲ" ಅನ್ನುವುದು ಬಹಳ ಜನಕ್ಕೆ ಆಗುವುದಿಲ್ಲ. ಅವರು ಹೂಂ ಅನ್ನುತ್ತಾರೆ, ಶನಿವಾರ ಬೆಳಿಗ್ಗೆ ಹೊಟ್ಟೆನೋವು ಅಂತ ಫೋನ್ ಬರುತ್ತದೆ. ಈ ವಿಷಯವನ್ನು ಸೂಪರ್‌ವೈಸರ್‌ಗಳಿಗೂ ಗುರುವಾರವೇ ಹೇಳಿಡಿ. ಒತ್ತಾಯ ಜಾಸ್ತಿ ಬರುವುದು ಅವರಿಂದಲೇ, ಅದೂ ಒಳ್ಳೆ ಮನಸ್ಸಿನಿಂದಲೇ.

7. ಹೆಸರು ಸಾಲದೆ ಬಂದರೆ

ಸೋಮವಾರ ಸಂಜೆ 6ಕ್ಕೆ ಎಂಟೇ ಹೆಸರು ಬಂದಿವೆ ಅಂದುಕೊಳ್ಳಿ. ಏಳು ಎಣಿಕೆಗೆ, ಒಂದು ಚಾಲಕರದ್ದು. ಈಗ ಮೂಲೆಗೆ ಕರೆದು ಕೇಳುವ ಆಸೆ ಬರುತ್ತದೆ. ಬೇಡ. ಜನ ಬಾರದಿರುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಇಡೀ ದಿನ ಬಿಟ್ಟುಕೊಡಲು ಆಗುತ್ತಿಲ್ಲ, ಇಲ್ಲವೇ ದುಡ್ಡು ಸಾಲದು ಅನ್ನಿಸುತ್ತಿದೆ. ಫಾರ್ಮ್ ತೆರೆದು ನೋಡಿದವರು ಬಹಳ, ತುಂಬಿದವರು ಕಡಿಮೆ ಅಂತ ಕಂಡರೆ, ಅಥವಾ "ಅರ್ಧ ದಿನ ಆಗುತ್ತಾ ಸರ್" ಅಂತ ಒಬ್ಬಿಬ್ಬರು ಕೇಳಿದ್ದರೆ, ತೊಂದರೆ ಹೊತ್ತಿನದು.

ಆಗ ಲೆಕ್ಕ ಮತ್ತೆ ಹಾಕಿ. ಏಳರಲ್ಲಿ ಆರು ಜನ ಮೂರು ಜೋಡಿ, ಐದೈದು ಗಂಟೆ, ಒಟ್ಟು 15 ಗಂಟೆಯ ಎಣಿಕೆ ಆಗುತ್ತದೆ. ಬೇಕಿದ್ದದ್ದು 24, ಇನ್ನೂ 9 ಬಾಕಿ. ಬೆಳಿಗ್ಗೆ 9ರಿಂದ ಮಧ್ಯಾಹ್ನ 1.30ರ ಅರ್ಧ ಶಿಫ್ಟ್ ತೆರೆದರೆ, ವಿವರಣೆ ಮತ್ತು ಒಂದು ಸಣ್ಣ ವಿರಾಮ ಕಳೆದು ಪ್ರತಿ ಜೋಡಿಗೆ ಮೂರು ಮುಕ್ಕಾಲು ಗಂಟೆ ಸಿಗುತ್ತದೆ. ಮೂರು ಜೋಡಿಯಾದರೆ 11ಕ್ಕೂ ಸ್ವಲ್ಪ ಜಾಸ್ತಿ. ಏಳನೆಯವರು ಒಬ್ಬರು ಇದ್ದಾರೆ, ಹಾಗಾಗಿ ಅರ್ಧ ಶಿಫ್ಟ್‌ಗೆ ಬೇಕಾದದ್ದು ಐದೇ ಜನ. ಅವರು ಹೋದ ಮೇಲೆ ಏಳನೆಯವರು ಮರುಎಣಿಕೆಗೆ ಉಳಿಯುತ್ತಾರೆ. ಕೆಲಸ ಮುಗಿಯುತ್ತದೆ. ಮಂಗಳವಾರ ಬೆಳಿಗ್ಗೆ ಎರಡನೇ ನೋಟಿಸ್: "ಅರ್ಧ ಶಿಫ್ಟ್‌ಗೆ ಐದು ಜನ ಬೇಕು, ಅದೇ ದರ, ಬುಧವಾರ ಸಂಜೆ 6ರ ತನಕ." ಒಂದು ಎಚ್ಚರಿಕೆ. ಮೊದಲು ಹೆಸರು ಕೊಟ್ಟವರಿಗೂ ಅರ್ಧ ಶಿಫ್ಟ್‌ಗೆ ಬದಲಾಗುವ ಅವಕಾಶ ಇರಬೇಕು. ಬದಲಾದರೆ ಲೆಕ್ಕವನ್ನೂ ಬದಲಿಸಿಕೊಳ್ಳಿ.

ದುಡ್ಡೇ ಕಾರಣ ಆಗಿದ್ದು, ದರ ಏರಿಸುವುದಾದರೆ, ಮೊದಲ ದಿನವೇ ಹೆಸರು ಕೊಟ್ಟವರಿಗೂ ಏರಿಸಿದ ದರವೇ ಸಿಗಬೇಕು. ಇಲ್ಲದಿದ್ದರೆ ಮುಂದಿನ ಸಲ ಎಲ್ಲರೂ ಎರಡನೇ ನೋಟಿಸಿಗೆ ಕಾಯುತ್ತಾರೆ. ಅದೂ ಆಗದಿದ್ದರೆ ಕೆಲಸವನ್ನೇ ಕಿರಿದು ಮಾಡಿ: ಬೆಲೆ ಜಾಸ್ತಿ ಇರುವ, ವೇಗವಾಗಿ ಓಡಾಡುವ ಸರಕಿನ ರ‍್ಯಾಕ್ ಮಾತ್ರ ಈ ಶನಿವಾರ, ಉಳಿದದ್ದು ಇನ್ನೊಂದು ವಾರ.

8. ಖಚಿತ ಮಾಡುವುದು, ಮತ್ತು ಸಂಬಳದ ದಿನ

ಆಯ್ಕೆಯಾದವರಿಗೆ ಬೇರೆ ಬೇರೆಯಾಗಿ ಸಂದೇಶ ಕಳಿಸಿ. ಹೊತ್ತು, ಎಲ್ಲಿ ಸೇರಬೇಕು, ಯಾರನ್ನು ಕಾಣಬೇಕು, ಅವರು ಆರಿಸಿದ್ದು ದುಡ್ಡೋ ರಜೆಯೋ, ಇಷ್ಟು ಇರಲಿ. ಸಿಗದವರಿಗೂ ಬರೆಯಿರಿ: "ಈ ಸಲ ಹೆಸರು ಜಾಸ್ತಿ ಬಂತು. ನೀವು ಕಳೆದ ತಿಂಗಳು ಎರಡು ಶಿಫ್ಟ್ ಮಾಡಿದ್ದರಿಂದ ಬೇರೆಯವರಿಗೆ ಕೊಟ್ಟೆವು. ರಿಸರ್ವ್‌ನಲ್ಲಿ ಮೊದಲ ಹೆಸರು ನಿಮ್ಮದು." ಕಾರಣ ತಿಳಿದರೆ ಮುಂದಿನ ಸಲವೂ ಹೆಸರು ಕೊಡುತ್ತಾರೆ.

ಶನಿವಾರ ಸಂಜೆ ಎಲ್ಲರೂ ಹೊರಡುವ ಮೊದಲು ಹಾಜರಿ ಹಾಳೆಯಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆದು ಅವರ ಸಹಿ ಪಡೆಯಿರಿ. ಸೋಮವಾರ ಬೆಳಿಗ್ಗೆ ಆ ಹಾಳೆ ಸಂಬಳ ಲೆಕ್ಕದವರಿಗೆ ಹೋಗಲಿ. ಆ ತಿಂಗಳ ಲೆಕ್ಕ ಯಾವ ತಾರೀಖಿಗೆ ಮುಚ್ಚುತ್ತದೆ ಅಂತ ನೋಟಿಸ್ ಬರೆಯುವಾಗಲೇ ಕೇಳಿಕೊಂಡಿರಬೇಕು, ಇಲ್ಲದಿದ್ದರೆ "ಇದೇ ತಿಂಗಳ ಸಂಬಳ" ಅನ್ನುವ ಮಾತು ಸುಳ್ಳಾಗುತ್ತದೆ. ಪೇ ಸ್ಲಿಪ್ ಹೊರಬೀಳುವ ಹಿಂದಿನ ದಿನ ನಾನು ಲೆಕ್ಕದವರ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಹಾಜರಿ ಹಾಳೆ ಒಂದು ಕೈಯಲ್ಲಿ, ಪರದೆಯ ಮೇಲೆ "ವಾರಾಂತ್ಯ ಶಿಫ್ಟ್" ಸಾಲು. ಒಂದೊಂದೇ ಹೆಸರು ಓದುತ್ತೇನೆ, ಅವರು ಮೊತ್ತ ಹೇಳುತ್ತಾರೆ. ಮೊದಲು ಓದುವುದು ಆ ವಾರ ರಜೆ ಹಾಕಿದ್ದವರ ಹೆಸರನ್ನು.